ಎರಡು ಪೇಪರ್, ಒಂದೇ ತೂಕ

ಮುಂಬೈಯ ವಡಾಲಾದಲ್ಲಿ ಭಾನುವಾರ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಮಹಾರಾಷ್ಟ್ರ ಬೋರ್ಡಿನ ಬೀಜಗಣಿತ ಪೇಪರ್ 40 ಅಂಕದ್ದು, ಎರಡು ಗಂಟೆ. ಅದೇ ಅಳತೆಯಲ್ಲಿ ಅಭ್ಯಾಸದ ಪೇಪರ್ ಮಾಡ್ತಾ ಹೋದೆ. ಎರಡನೇ ಪೇಪರಲ್ಲಿ ಸರಾಸರಿ 26 ಬಂತು, ಮೂರನೇದರಲ್ಲಿ 19. ಮಕ್ಕಳು ಓದಿಲ್ವಾ, ಪೇಪರೇ ಕಷ್ಟ ಆಯ್ತಾ? ಬರೀ ಸರಾಸರಿ ನೋಡಿ ಹೇಳೋಕಾಗಲ್ಲ.

ಮುಂದಿನ ಸಲ 32 ಮಕ್ಕಳನ್ನ ಚೀಟಿ ಎತ್ತಿ ಎರಡು ಗುಂಪು ಮಾಡಿದೆ. ಒಂದೇ ದಿನ ಒಬ್ಬರಿಗೆ ನಾಲ್ಕನೇ ಪೇಪರ್, ಇನ್ನೊಬ್ಬರಿಗೆ ಐದನೇದು. ಎರಡರಲ್ಲೂ 8 ಅಂಕದ ಪ್ರಶ್ನೆಗಳು ಒಂದೇ. ಆ ಎಂಟರಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಸಮ, ಉಳಿದ 32ರಲ್ಲಿ ಐದನೇ ಪೇಪರಿನವರು 5 ಅಂಕ ಹಿಂದೆ. ಅಂದ್ರೆ ತಪ್ಪು ನನ್ನ ಪೇಪರಿನದು.

ಒಂದೊಂದೇ ಪ್ರಶ್ನೆ ನೋಡಿದಾಗ ಸಿಕ್ಕಿಬಿದ್ದಿದ್ದು ಇದು: ಬಸ್ಸು 240 ಕಿ.ಮೀ. ಹೋಗುತ್ತೆ, ವೇಗ 10 ಹೆಚ್ಚಿದ್ರೆ 2 ಗಂಟೆ ಉಳಿಯುತ್ತೆ, ವೇಗ ಎಷ್ಟು? 16ರಲ್ಲಿ 3 ಮಕ್ಕಳಿಗಷ್ಟೇ ಪೂರ್ತಿ ಅಂಕ. ಮಾದರಿ ಉತ್ತರದಲ್ಲಿ ಸಮೀಕರಣಕ್ಕೆ 1, `x² + 10x − 1200 = 0` ತನಕ ಬಂದ್ರೆ 1, ಮೂಲಗಳಿಗೆ 1, −40 ಬಿಟ್ಟು 30 ಅಂತ ಬರೆದ್ರೆ 1 ಅಂತ ಹಂಚಿದ್ದೆ. ಹಾಗಾಗಿ ಎಲ್ಲಿ ನಿಂತ್ರು ಅಂತ ಗೊತ್ತಾಯ್ತು: ಮೊದಲೆರಡು ಅಂಕ ಬಹಳಷ್ಟು ಜನಕ್ಕೆ ಬಂದಿತ್ತು, 1200ನ್ನ ಒಡೆಯೋದ್ರಲ್ಲಿ ಸೋತಿದ್ರು. ದೂರ 60, ಉಳಿತಾಯ 1 ಗಂಟೆ ಮಾಡಿದೆ. `x² + 10x − 600 = 0`, ಉತ್ತರ 20. ಯೋಚನೆ ಅದೇ, ಲೆಕ್ಕ ಹಗುರ.

16 ಮಕ್ಕಳಲ್ಲಿ ಒಬ್ಬಿಬ್ಬರ ವ್ಯತ್ಯಾಸಕ್ಕೆಲ್ಲ ನಾನು ಪ್ರಶ್ನೆ ಬದಲಿಸಲ್ಲ.