ಒಂದೇ ‘ಅಷ್ಟು’, ಇಂಗ್ಲಿಷಿನಲ್ಲಿ ಎರಡು ದಾರಿ

ಕನ್ನಡದ ‘ಅಷ್ಟು’ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ‘ಮಗ ಅಪ್ಪನಷ್ಟು ಎತ್ತರ ಇದ್ದಾನೆ’ ಎಂದಾಗ ಅದು ಎರಡು ಅಳತೆಗಳನ್ನು ಸರಿಗಟ್ಟುತ್ತದೆ. ‘ಓದಿದಷ್ಟೂ ತಿಳಿವಳಿಕೆ ಬೆಳೆಯುತ್ತದೆ’ ಎಂದಾಗ ಅಲ್ಲಿ ಸಮಾನತೆಯ ಮಾತಿಲ್ಲ. ಒಂದು ಏರಿದಂತೆ ಇನ್ನೊಂದೂ ಏರುತ್ತದೆ ಎಂಬುದಷ್ಟೇ ಹೇಳಿಕೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯ ‘ಅಷ್ಟು’ ಮೊದಲ ಬಗೆಯದು, ಅದು ಗಡಿ ಹಾಕುತ್ತದೆ. ಕೊನೆಯ ಸ್ವರ ದೀರ್ಘವಾಗಿ ‘ಅಷ್ಟೂ’ ಆದಾಗ ಸಾಮಾನ್ಯವಾಗಿ ಗಡಿ ಸಡಿಲಗೊಂಡು ಏರಿಕೆಯ ಅರ್ಥ ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಕನ್ನಡ ಮುಗಿಸುವ ಕೆಲಸಕ್ಕೆ ಇಂಗ್ಲಿಷ್ ಎರಡು ಬೇರೆಯೇ ವಾಕ್ಯರಚನೆಗಳನ್ನು ಇಟ್ಟುಕೊಂಡಿದೆ. ಸರಿಗಟ್ಟಲು ‘ಆ್ಯಸ್… ಆ್ಯಸ್’, ಜೊತೆಯ ಏರಿಕೆಗೆ ‘ದ ಮೋರ್… ದ ಮೋರ್’. ಕನ್ನಡಿಗರು ಇಂಗ್ಲಿಷ್ ಕಲಿಯುವಾಗ ಈ ಭಾಗದಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ದಾರಿ ಕವಲೊಡೆಯುವ ಜಾಗದಲ್ಲೇ ಹುಟ್ಟುತ್ತವೆ.

ಅಂಥ ತಪ್ಪಿನ ಅಚ್ಚುಕಟ್ಟಾದ ಮಾದರಿ ಇದು: ‘ಹೌ ಮಚ್ ಯೂ ಸ್ಟಡಿ, ದಟ್ ಮಚ್ ಮಾರ್ಕ್ಸ್ ಯೂ ವಿಲ್ ಗೆಟ್’. ‘ಎಷ್ಟು ಓದುತ್ತೀಯೋ ಅಷ್ಟು ಮಾರ್ಕ್ಸ್’ ಎಂಬ ಕನ್ನಡ ವಾಕ್ಯ ಇಂಗ್ಲಿಷಿನ ಅಂಗಿ ತೊಟ್ಟು ನಿಂತಿದೆ. ಕನ್ನಡ ಬಲ್ಲವರಿಗೆ ಅದರ ಅರ್ಥದಲ್ಲಿ ಯಾವ ಗೊಂದಲವೂ ಇಲ್ಲ. ಆದರೆ ‘ಎಷ್ಟು–ಅಷ್ಟು’, ‘ಯಾರು–ಅವರು’, ‘ಎಲ್ಲಿ–ಅಲ್ಲಿ’ ಎಂದು ಪ್ರಶ್ನೆಯ ಪದಕ್ಕೂ ತೋರುವ ಪದಕ್ಕೂ ಗಂಟು ಹಾಕುವ ಕನ್ನಡದ ಅಭ್ಯಾಸ ಇಂದಿನ ಇಂಗ್ಲಿಷಿಗಿಲ್ಲ. ಅಲ್ಲಿ ಈ ವಾಕ್ಯ ‘ದ ಮೋರ್ ಯೂ ಸ್ಟಡಿ, ದ ಮೋರ್ ಮಾರ್ಕ್ಸ್ ಯೂ ವಿಲ್ ಗೆಟ್’ ಎಂದೇ ಆಗಬೇಕು.

ಈ ‘ದ’ ಕಲಿಯುವವರನ್ನು ಕಾಡುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ಕಲಿಸುವ ಪಾಠದ ಪ್ರಕಾರ ‘ದ’ ನಾಮಪದದ ಹಿಂದೆ ಬರುವ ಆರ್ಟಿಕಲ್. ಇಲ್ಲಿ ಅದರ ಮುಂದೆ ನಾಮಪದವೇ ಇರಬೇಕಿಲ್ಲ, ‘ಮೋರ್’, ‘ಬೆಟರ್’, ‘ಫಾಸ್ಟರ್’ ಇದ್ದರೆ ಸಾಕು. ಅಸಲಿಗೆ ಇದು ಆ ಆರ್ಟಿಕಲ್ ಅಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ‘ಅದು’ ಎಂಬ ಅರ್ಥದ ದರ್ಶಕ ಪದಕ್ಕೆ ಕರಣಾರ್ಥದ ವಿಭಕ್ತಿರೂಪವೊಂದಿತ್ತು. ಕನ್ನಡದ ತೃತೀಯಾ ವಿಭಕ್ತಿಯ ‘ಅದರಿಂದ’ಕ್ಕೆ ಹತ್ತಿರದ್ದು. ಆ ರೂಪವೇ ಸವೆದು, ನೋಡಲು ಆರ್ಟಿಕಲ್‌ನಂತೆಯೇ ಕಾಣುವ ‘ದ’ ಆಗಿ ಉಳಿದಿದೆ. ‘ಯಾವುದರಿಂದ ಹೆಚ್ಚೋ ಅದರಿಂದ ಹೆಚ್ಚು’ ಎಂಬುದು ಹಳೆಯ ತಿರುಳು. ಹಾಗಾಗಿ ಅದು ಎರಡು ಕಡೆಯೂ ಬೇಕು. ‘ಮೋರ್ ಯೂ ರೀಡ್, ಮೋರ್ ಯೂ ನೋ’ ಎಂದು ಎರಡನ್ನೂ ಕೈಬಿಡುವುದು, ಅಥವಾ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಮರೆಯುವುದು ಭಾರತೀಯರ ಬರಹದಲ್ಲಿ ಬಹಳ ಸಾಮಾನ್ಯ.

ರಚನೆಯ ಒಳಗುಟ್ಟು ಪದಗಳ ಸ್ಥಾನದಲ್ಲಿದೆ. ಹೋಲಿಕೆಯ ಪದ ತನ್ನ ಮಾಮೂಲಿ ಜಾಗ ಬಿಟ್ಟು ವಾಕ್ಯಖಂಡದ ಮುಂದಕ್ಕೆ ಬರುತ್ತದೆ. ಬರುವಾಗ ತನಗೆ ಅಂಟಿಕೊಂಡದ್ದನ್ನೂ ಕರೆತರುತ್ತದೆ. ‘ಮಳೆ ಜಾಸ್ತಿಯಾದಷ್ಟೂ ರಸ್ತೆಯಲ್ಲಿ ಗುಂಡಿಗಳು ಹೆಚ್ಚುತ್ತವೆ’ ಎಂಬುದನ್ನು ಇಂಗ್ಲಿಷಿಗೆ ತರಬೇಕೆಂದುಕೊಳ್ಳೋಣ. ಮೊದಲು ಅದನ್ನು ಎರಡು ಸಾದಾ ವಾಕ್ಯಗಳಾಗಿ ಬಿಡಿಸಬೇಕು: ‘ಇಟ್ ರೇನ್ಸ್ ಮೋರ್’, ‘ದೇರ್ ಆರ್ ಮೋರ್ ಪಾಟ್‌ಹೋಲ್ಸ್ ಆನ್ ದ ರೋಡ್’. ಮೊದಲ ವಾಕ್ಯದಲ್ಲಿ ‘ಮೋರ್’ ಒಂಟಿ. ಅದು ಕ್ರಿಯಾಪದಕ್ಕೆ ಸೇರಿದ್ದು, ಒಂಟಿಯಾಗಿಯೇ ಮುಂದೆ ಬರುತ್ತದೆ: ‘ದ ಮೋರ್ ಇಟ್ ರೇನ್ಸ್’. ಎರಡನೆಯದರಲ್ಲಿ ‘ಮೋರ್’ಗೆ ‘ಪಾಟ್‌ಹೋಲ್ಸ್’ ಅಂಟಿದೆ, ಎರಡೂ ಒಟ್ಟಿಗೆ ಬರಬೇಕು: ‘ದ ಮೋರ್ ಪಾಟ್‌ಹೋಲ್ಸ್ ದೇರ್ ಆರ್ ಆನ್ ದ ರೋಡ್’. ಜೋಡಿಸಿದರೆ ವಾಕ್ಯ ಸಿದ್ಧ.

ಎಡವುವುದು ಈ ಎರಡನೆಯ ಹೆಜ್ಜೆಯಲ್ಲಿ. ‘ಹಣ ಹೆಚ್ಚಾದಷ್ಟೂ ಚಿಂತೆ ಹೆಚ್ಚು’ ಎಂಬುದು ‘ದ ಮೋರ್ ಯೂ ಹ್ಯಾವ್ ಮನಿ, ದ ಮೋರ್ ಯೂ ಹ್ಯಾವ್ ವರೀಸ್’ ಎಂದಾಗಿಬಿಡುತ್ತದೆ. ‘ಮೋರ್’ ಮುಂದೆ ಬಂತು, ಅದಕ್ಕೆ ಸೇರಿದ ‘ಮನಿ’ ಹಿಂದೆಯೇ ಉಳಿಯಿತು. ಸರಿಯಾದದ್ದು ‘ದ ಮೋರ್ ಮನಿ ಯೂ ಹ್ಯಾವ್, ದ ಮೋರ್ ವರೀಸ್ ಯೂ ಹ್ಯಾವ್’. ಗುಣವಾಚಕಗಳಿಗೂ ಇದೇ ನಿಯಮ. ‘ದ ಮೋರ್ ದ ಬಸ್ ಈಸ್ ಲೇಟ್’ ಅಲ್ಲ, ‘ದ ಲೇಟರ್ ದ ಬಸ್ ಈಸ್’. ಕನ್ನಡದ ಗುಣವಾಚಕಕ್ಕೆ ಹೋಲಿಕೆಯ ಪ್ರತ್ಯೇಕ ರೂಪವಿಲ್ಲ. ‘ಅವನಿಗಿಂತ ಎತ್ತರ’ ಎನ್ನುವಾಗ ಹೋಲಿಕೆಯ ಗುರುತು ‘ಅವನಿಗಿಂತ’ದಲ್ಲಿದೆ, ‘ಎತ್ತರ’ ಇದ್ದಂತೆಯೇ ಇದೆ. ಹೀಗಾಗಿ ಹೋಲಿಕೆ ಎಂದರೆ ‘ಹೆಚ್ಚು’ ಎಂಬ ಪದ ಸೇರಿಸುವುದು ಎಂದು ಮನಸ್ಸು ತೀರ್ಮಾನಿಸುತ್ತದೆ, ‘ಬೆಟರ್’ನಲ್ಲಿ ಹೆಚ್ಚಿನ ಅರ್ಥ ಈಗಾಗಲೇ ಅಡಗಿರುವುದು ಲಕ್ಷ್ಯಕ್ಕೆ ಬರುವುದಿಲ್ಲ. ‘ದ ಮೋರ್ ಬೆಟರ್’, ‘ದ ಮೋರ್ ಈಸಿಯರ್’ ಹುಟ್ಟುವುದು ಹೀಗೆ.

ಇನ್ನೊಂದು ಬಗೆಯ ತಪ್ಪಿನಲ್ಲಿ ಮೊದಲರ್ಧ ಸರಿಯಾಗಿದ್ದು ಎರಡನೆಯರ್ಧ ಸಾದಾ ವಾಕ್ಯವಾಗಿ ಜಾರುತ್ತದೆ: ‘ದ ಮೋರ್ ಯೂ ಪ್ರ್ಯಾಕ್ಟೀಸ್, ಯೂ ವಿಲ್ ಸಿಂಗ್ ಬೆಟರ್’. ಕನ್ನಡದಲ್ಲಿ ‘ಅಭ್ಯಾಸ ಮಾಡಿದಷ್ಟೂ’ ಎಂದರೆ ಸಂಬಂಧದ ಗುರುತು ಮುಗಿಯಿತು. ಮುಂದಿನ ಭಾಗ ತನ್ನ ಪಾಡಿಗೆ ತಾನು ಇರಬಹುದು. ಇಂಗ್ಲಿಷ್ ಈ ಕ್ರಮದಲ್ಲಿ ಅದನ್ನು ಒಪ್ಪುವುದಿಲ್ಲ, ‘ದ ಬೆಟರ್ ಯೂ ವಿಲ್ ಸಿಂಗ್’ ಎಂದೇ ಕೇಳುತ್ತದೆ. ಆದರೆ ಮುಖ್ಯ ಭಾಗವನ್ನು ಮೊದಲಿಟ್ಟರೆ ಕಟ್ಟು ಸಡಿಲವಾಗುತ್ತದೆ. ‘ಯೂ ವಿಲ್ ಸಿಂಗ್ ಬೆಟರ್ ದ ಮೋರ್ ಯೂ ಪ್ರ್ಯಾಕ್ಟೀಸ್’ ಎಂಬುದು ಶುದ್ಧ ಇಂಗ್ಲಿಷ್. ಇಲ್ಲಿ ‘ಬೆಟರ್’ ಮಾಮೂಲಿ ಜಾಗದಲ್ಲೇ ಇದೆ, ಅದಕ್ಕೆ ‘ದ’ ಬೇಕಿಲ್ಲ.

ಎರಡು ಭಾಗಗಳು ನೋಡಲು ಸರಿಸಮವಾಗಿದ್ದರೂ ಮೊದಲನೆಯದು ಅಧೀನ, ಎರಡನೆಯದು ಪ್ರಧಾನ ಎಂಬುದಕ್ಕೆ ಕಾಲಸೂಚನೆಯೂ ಸಾಕ್ಷಿ. ಮುಂದೆ ಆಗುವುದನ್ನು ಹೇಳುವಾಗ ‘ವಿಲ್’ ಸಾಮಾನ್ಯವಾಗಿ ಎರಡನೆಯ ಭಾಗದಲ್ಲಿ ಮಾತ್ರ ಬರುತ್ತದೆ. ಮೊದಲ ಭಾಗ, ‘ಇಫ್’ ಬಂದಾಗ ಆಗುವಂತೆಯೇ, ವರ್ತಮಾನದಲ್ಲಿ ನಿಲ್ಲುತ್ತದೆ. ‘ದ ಲಾಂಗರ್ ಯೂ ವಿಲ್ ವೇಟ್’ ಎಂಬುದು ‘ಇಫ್ ಯೂ ವಿಲ್ ವೇಟ್’ ಎಂಬಷ್ಟೇ ಕಿವಿಗೆ ಚುಚ್ಚುತ್ತದೆ. ಮೊದಲಿನದು ಕಾರಣ, ಆಮೇಲಿನದು ಪರಿಣಾಮ ಎಂಬ ಈ ಕ್ರಮದಿಂದಾಗಿ ಭಾಗಗಳನ್ನು ಅದಲುಬದಲು ಮಾಡಿದರೆ ಅರ್ಥವೂ ತಿರುಗುತ್ತದೆ. ಹೆಚ್ಚು ಸುಸ್ತಾದಷ್ಟೂ ತಪ್ಪು ಹೆಚ್ಚು ಎನ್ನುವುದು ಬೇರೆ, ತಪ್ಪು ಹೆಚ್ಚಾದಷ್ಟೂ ಸುಸ್ತು ಹೆಚ್ಚು ಎನ್ನುವುದು ಬೇರೆ.

ಸಂದರ್ಭ ಸ್ಪಷ್ಟವಿದ್ದರೆ ಇಡೀ ರಚನೆ ಎಲುಬಷ್ಟೇ ಉಳಿಯುವಂತೆ ಕುಗ್ಗುತ್ತದೆ. ‘ದ ಬಿಗರ್ ದ ಹೌಸ್, ದ ಹೈಯರ್ ದ ರೆಂಟ್’ನಲ್ಲಿ ಕ್ರಿಯಾಪದವೇ ಇಲ್ಲ. ‘ದ ಮೋರ್ ದ ಬೆಟರ್’, ‘ದ ಸೂನರ್ ದ ಬೆಟರ್’ಗಳಲ್ಲಿ ಕರ್ತೃವೂ ಇಲ್ಲ. ಕ್ರಿಯಾಪದವಿಲ್ಲದೆ ವಾಕ್ಯ ಮುಗಿಸಿ ರೂಢಿಯಿರುವ ಕನ್ನಡಿಗರಿಗೆ ಇದು ಸಲೀಸು. ತಪ್ಪುಗಳು ಇಲ್ಲಿ ಕಡಿಮೆ.

ಇನ್ನು ಸರಿಗಟ್ಟುವ ‘ಆ್ಯಸ್… ಆ್ಯಸ್’. ಇದರ ಎರಡು ‘ಆ್ಯಸ್’ಗಳ ಕೆಲಸ ಒಂದೇ ಅಲ್ಲ. ‘ಹೀ ಈಸ್ ಆ್ಯಸ್ ಟಾಲ್ ಆ್ಯಸ್ ಹಿಸ್ ಫಾದರ್’ನಲ್ಲಿ ಮೊದಲನೆಯದು ‘ಅಷ್ಟು’ ಎಂದು ಅಳತೆ ಹೇಳುತ್ತದೆ, ಎರಡನೆಯದು ಯಾರ ಅಳತೆ ಎಂದು ತೋರುತ್ತದೆ. ಕನ್ನಡದ ‘ಅಪ್ಪನಷ್ಟು’ವಿನಲ್ಲಿ ಈ ಎರಡೂ ಒಂದೇ ಪದದಲ್ಲಿ ಬೆಸೆದುಕೊಂಡಿರುವುದರಿಂದ ಕಲಿಯುವವರು ಒಂದು ‘ಆ್ಯಸ್’ ಸಾಕೆಂದು ಮೊದಲನೆಯದನ್ನು ಬಿಡುವುದುಂಟು. ಕೆಲವರು ಅದರ ಜಾಗದಲ್ಲಿ ‘ಸೋ’ ಇಡುತ್ತಾರೆ: ‘ಹೀ ಈಸ್ ಸೋ ಟಾಲ್ ಆ್ಯಸ್ ಹಿಸ್ ಫಾದರ್’. ‘ಅಷ್ಟು ಸುಸ್ತಾಗಿತ್ತು’ ಎನ್ನುವಲ್ಲಿ ‘ಸೋ ಟೈರ್ಡ್’ ಸರಿಯಾದ್ದರಿಂದ ಇಲ್ಲಿಯೂ ಸರಿ ಎಂಬ ಲೆಕ್ಕ. ‘ಸೋ… ಆ್ಯಸ್’ಗೆ ಜಾಗವಿರುವುದು ನಿಷೇಧ ವಾಕ್ಯದಲ್ಲಿ: ‘ನಾಟ್ ಸೋ ಟಾಲ್ ಆ್ಯಸ್’. ಅಲ್ಲಿಯೂ ಇಂದಿನ ಬಳಕೆ ‘ನಾಟ್ ಆ್ಯಸ್… ಆ್ಯಸ್’ನ ಕಡೆಗೇ ವಾಲಿದೆ. ಎರಡು ‘ಆ್ಯಸ್’ಗಳ ನಡುವೆ ಗುಣವಾಚಕದ ಮೂಲರೂಪ ಮಾತ್ರ ನಿಲ್ಲುತ್ತದೆ, ‘ಆ್ಯಸ್ ಟಾಲರ್ ಆ್ಯಸ್’ ಎಂಬುದಿಲ್ಲ.

ನಡುವೆ ನಾಮಪದ ಬಂದರೆ ಎರಡು ತೊಡಕು. ‘ಅಷ್ಟು ನೀರು’, ‘ಅಷ್ಟು ಪುಸ್ತಕ’ ಎರಡಕ್ಕೂ ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಎಣಿಸಲಾಗದ ನೀರಿಗೆ ‘ಆ್ಯಸ್ ಮಚ್ ವಾಟರ್ ಆ್ಯಸ್’, ಎಣಿಸುವ ಪುಸ್ತಕಕ್ಕೆ ‘ಆ್ಯಸ್ ಮೆನಿ ಬುಕ್ಸ್ ಆ್ಯಸ್’. ಎರಡನೆಯದು ಆರ್ಟಿಕಲ್‌ನ ವಿಚಿತ್ರ ಸ್ಥಾನ. ‘ಅವಳಷ್ಟು ಒಳ್ಳೆಯ ಟೀಚರ್’ ಎನ್ನಲು ‘ಆ್ಯಸ್ ಎ ಗುಡ್ ಟೀಚರ್ ಆ್ಯಸ್’ ಅಲ್ಲ, ‘ಆ್ಯಸ್ ಗುಡ್ ಎ ಟೀಚರ್ ಆ್ಯಸ್ ಹರ್’. ಗುಣವಾಚಕ ಆರ್ಟಿಕಲ್ಲನ್ನು ದಾಟಿ ‘ಆ್ಯಸ್’ಗೆ ಅಂಟುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಬರಹದಲ್ಲೂ ಇಲ್ಲಿ ಕೈ ತಪ್ಪುತ್ತದೆ.

ಪಟ್ಟು ಹೇಳುವಾಗ ಸಂಖ್ಯೆಯ ಪದ ಮೊದಲ ‘ಆ್ಯಸ್’ಗಿಂತ ಮುಂಚೆ ಬರಬೇಕು: ‘ದಿಸ್ ರೋಡ್ ಈಸ್ ಟ್ವೈಸ್ ಆ್ಯಸ್ ವೈಡ್ ಆ್ಯಸ್ ದಟ್ ಒನ್’. ‘ತ್ರೀ ಟೈಮ್ಸ್ ವೈಡರ್’ ಎಂಬ ಬಳಕೆಯೂ ಚಲಾವಣೆಯಲ್ಲಿದೆ, ಆದರೆ ಅದರ ಲೆಕ್ಕಕ್ಕೆ ತಕರಾರುಂಟು. ಕನ್ನಡ ಪತ್ರಿಕೆಗಳ ‘ಮೂರು ಪಟ್ಟು ಹೆಚ್ಚು’ ಎಂಬುದೂ ಅದೇ ಜಾತಿಯದು. 10 ರೂಪಾಯಿಯ ಮೂರು ಪಟ್ಟು ಎಂದರೆ 30, ಅನುಮಾನವಿಲ್ಲ. ಮೂರು ಪಟ್ಟು ‘ಹೆಚ್ಚು’ ಎಂದರೆ 30 ಎನ್ನುವವರೂ ಇದ್ದಾರೆ, 10ರ ಮೇಲೆ ಇನ್ನೂ 30 ಸೇರಿಸಿ 40 ಎನ್ನುವವರೂ ಇದ್ದಾರೆ. ‘ತ್ರೀ ಟೈಮ್ಸ್ ಆ್ಯಸ್ ಮಚ್ ಆ್ಯಸ್’ ಎಂದರೆ ಈ ಜಗಳವೇ ಇಲ್ಲ.

ಎಲ್ಲಕ್ಕಿಂತ ಕಣ್ತಪ್ಪಿಸಿ ನುಸುಳುವ ತಪ್ಪು ಹೋಲಿಸಬಾರದ್ದನ್ನು ಹೋಲಿಸುವುದು. ‘ಮೈಸೂರಿನ ಜನಸಂಖ್ಯೆ ಬೆಂಗಳೂರಿನಷ್ಟಿಲ್ಲ’ ಎಂಬ ಕನ್ನಡ ವಾಕ್ಯದಲ್ಲಿ ದೋಷವೇನೂ ಕಾಣುವುದಿಲ್ಲ, ಏಕೆಂದರೆ ‘ಬೆಂಗಳೂರಿನಷ್ಟು’ ಎಂಬುದರೊಳಗೆ ‘ಬೆಂಗಳೂರಿನ’ ಎಂಬ ಷಷ್ಠೀ ರೂಪ ಕುಳಿತಿದೆ. ಓದುವವರು ‘ಬೆಂಗಳೂರಿನ ಜನಸಂಖ್ಯೆಯಷ್ಟು’ ಎಂದು ತಾವೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷಿಗೆ ಬರುವಾಗ ಆ ಷಷ್ಠೀ ಕಳಚಿಬೀಳುತ್ತದೆ: ‘ದ ಪಾಪ್ಯುಲೇಶನ್ ಆಫ್ ಮೈಸೂರು ಈಸ್ ನಾಟ್ ಆ್ಯಸ್ ಲಾರ್ಜ್ ಆ್ಯಸ್ ಬೆಂಗಳೂರು’. ಇಲ್ಲಿ ಜನಸಂಖ್ಯೆಯನ್ನು ಊರಿನೊಂದಿಗೆ ತೂಗಿದಂತಾಯಿತು. ‘ಆ್ಯಸ್ ದಟ್ ಆಫ್ ಬೆಂಗಳೂರು’ ಎಂದರೆ ಜನಸಂಖ್ಯೆಗೆ ಜನಸಂಖ್ಯೆ ಎದುರಾಗುತ್ತದೆ.

ಒಂದು ಕಡೆ ಮಾತ್ರ ಎರಡು ಭಾಷೆಗಳೂ ಒಂದೇ ಬಗೆಯಲ್ಲಿ ಕೈಕೊಡುತ್ತವೆ. ‘ಅವಳು ರವಿಯನ್ನು ನನ್ನಷ್ಟೇ ನಂಬುತ್ತಾಳೆ’ ಎಂದರೆ ರವಿಯ ಮೇಲೆ ತನಗಿರುವಷ್ಟೇ ನಂಬಿಕೆ ಅವಳಿಗೂ ಇದೆ ಎಂದೋ, ಅವಳು ತನ್ನನ್ನು ನಂಬುವಷ್ಟೇ ರವಿಯನ್ನೂ ನಂಬುತ್ತಾಳೆ ಎಂದೋ ತಿಳಿಯದು. ‘ಶಿ ಟ್ರಸ್ಟ್ಸ್ ರವಿ ಆ್ಯಸ್ ಮಚ್ ಆ್ಯಸ್ ಮಿ’ ಕೂಡ ಆಡುಮಾತಿನಲ್ಲಿ ಎರಡೂ ಅರ್ಥ ಕೊಡುತ್ತದೆ. ಕನ್ನಡದಲ್ಲಿ ‘ನಾನು ನಂಬುವಷ್ಟೇ’ ಅಥವಾ ‘ನನ್ನನ್ನು ನಂಬುವಷ್ಟೇ’ ಎಂದು ಕ್ರಿಯಾಪದವನ್ನು ಕರೆತಂದರೆ ಗೊಂದಲ ತೀರುತ್ತದೆ. ಇಂಗ್ಲಿಷಿನ ಪರಿಹಾರವೂ ಅದೇ: ಮೊದಲ ಅರ್ಥಕ್ಕೆ ‘ಆ್ಯಸ್ ಮಚ್ ಆ್ಯಸ್ ಐ ಡು’, ಎರಡನೆಯದಕ್ಕೆ ‘ಆ್ಯಸ್ ಮಚ್ ಆ್ಯಸ್ ಶಿ ಟ್ರಸ್ಟ್ಸ್ ಮಿ’.