ಶಿಕಾಗೋದ 54 ಡಿಗ್ರಿಗೆ ಯಾವ ಬಟ್ಟೆ?

ಏಪ್ರಿಲ್ ಮೊದಲ ವಾರ ಬೆಂಗಳೂರಿನಿಂದ ಶಿಕಾಗೋದ ಮಗಳ ಮನೆಗೆ ಹೊರಟ ತಂದೆತಾಯಿಯ ಕೈಗೆ ಅಲ್ಲಿಯ ಹವಾಮಾನ ಮುನ್ಸೂಚನೆ ಬಂದಿದೆ ಎಂದುಕೊಳ್ಳಿ. ಗರಿಷ್ಠ 54, ಕನಿಷ್ಠ 35, ‘ಫೀಲ್ಸ್ ಲೈಕ್’ 25. ಇಲ್ಲಿಯ ಬಿರುಬೇಸಿಗೆಯಲ್ಲಿ ಕುಳಿತು ನೋಡಿದರೆ 35 ಎಂಬುದು ಫ್ಯಾನಿನ ಕೆಳಗೂ ಬೆವರಿಳಿಸುವ ಸಂಖ್ಯೆ. ಆದರೆ ಅಮೆರಿಕದಲ್ಲಿ ಹವಾಮಾನ ಹೇಳುವುದು ಫ್ಯಾರನ್‌ಹೀಟ್‌ನಲ್ಲಿ. ಅಲ್ಲಿ 32ಕ್ಕೆ ನೀರು ಹೆಪ್ಪುಗಟ್ಟುತ್ತದೆ. 35 ಅದಕ್ಕಿಂತ ಬರೀ ಮೂರು ಹೆಜ್ಜೆ ಮೇಲಿದೆ.

ಸರಿಯಾದ ಲೆಕ್ಕ ಇದು: 32 ಕಳೆದು, ಉಳಿದದ್ದನ್ನು ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಬೇಕು. ಬಾಯಿಲೆಕ್ಕಕ್ಕೆ ಒಂಬತ್ತರ ಭಾಗಾಕಾರ ಒಗ್ಗುವುದಿಲ್ಲವಾದ್ದರಿಂದ ‘ಮೂವತ್ತು ಕಳೆದು ಅರ್ಧ ಮಾಡಿ’ ಎಂಬ ಸುಲಭ ದಾರಿಯನ್ನು ಬಹಳ ಜನ ಬಳಸುತ್ತಾರೆ. 50 ಫ್ಯಾರನ್‌ಹೀಟ್‌ಗೆ ಅದು ಕರಾರುವಾಕ್ಕಾಗಿ 10 ಸೆಲ್ಸಿಯಸ್ ಕೊಡುತ್ತದೆ. ಅಲ್ಲಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ, ಅದೂ ಚಳಿಯ ಕಡೆಗೆ ಹೋದಾಗ ಚಳಿಯನ್ನು ಕಡಿಮೆ ಮಾಡಿಯೇ ತೋರಿಸುತ್ತದೆ. ಬಟ್ಟೆ ಆರಿಸುವವರಿಗೆ ಈ ತಪ್ಪು ಒಳ್ಳೆಯದಲ್ಲ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. 32 ಕಳೆಯಿರಿ, ಅರ್ಧ ಮಾಡಿ, ಬಂದ ಅರ್ಧಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಿ. 54ರಲ್ಲಿ 32 ಹೋದರೆ 22, ಅರ್ಧ 11, ಅದರ ಹತ್ತನೇ ಒಂದು ಭಾಗ 1.1, ಒಟ್ಟು 12.1. ನಿಜವಾದ ಉತ್ತರ 12.2. ಇದೇ ಲೆಕ್ಕದಲ್ಲಿ 35 ಎಂದರೆ ಎರಡು ಡಿಗ್ರಿಗೂ ಕಡಿಮೆ. 25 ಸಂಖ್ಯೆ 32ಕ್ಕಿಂತ 7 ಕೆಳಗಿದೆ. ಏಳರ ಅರ್ಧ ಮೂರೂವರೆ, ಹತ್ತನೇ ಭಾಗ ಸೇರಿಸಿದರೆ ಸುಮಾರು 3.9, ಅಂದರೆ ಮೈನಸ್ 3.9.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲಿ ಅದು 46. ಈ 46 ನೆನಪಿದ್ದರೆ ಸಾಕಷ್ಟು ಉಪಯೋಗವಿದೆ: ಮುನ್ಸೂಚನೆಯ ಅಂಕಿ ಅದಕ್ಕಿಂತ ಕೆಳಗಿದ್ದರೆ, ಬೆಂಗಳೂರಿನ ಚಳಿಗೆಂದು ಕೊಂಡ ಸ್ವೆಟರ್ ಒಂದನ್ನೇ ನಂಬಿ ಹೊರಡುವಂತಿಲ್ಲ.

‘ಫೀಲ್ಸ್ ಲೈಕ್’ ಎಂಬ ಅಂಕಿ ಚಳಿಗಾಲದಲ್ಲಿ ಗಾಳಿಯ ಲೆಕ್ಕ. ಮೈಗೆ ಅಂಟಿಕೊಂಡಂತೆ ಬೆಚ್ಚಗಿನ ಗಾಳಿಯ ತೆಳು ಪದರ ಇರುತ್ತದೆ. ಬೀಸುಗಾಳಿ ಅದನ್ನು ಹೊತ್ತೊಯ್ಯುವುದರಿಂದ ದೇಹದ ಶಾಖ ಬೇಗ ಸೋರಿಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಕೋಷ್ಟಕದ ಪ್ರಕಾರ 35 ಡಿಗ್ರಿಯಿದ್ದಾಗ ಗಂಟೆಗೆ 15 ಮೈಲಿ ವೇಗದ ಗಾಳಿ ಬೀಸಿದರೆ ಮೈಗೆ 25ರಷ್ಟು ಚಳಿ ಅನ್ನಿಸುತ್ತದೆ. ಹಾಗಾಗಿ ಕೈಹೆಣಿಗೆಯ ದಪ್ಪ ಸ್ವೆಟರ್ ಮೇಲೆ ಶಾಲು ಹೊದ್ದರೂ ಸಾಲದು, ಎರಡರ ಎಳೆಗಳ ನಡುವೆಯೂ ಗಾಳಿ ನುಗ್ಗುತ್ತದೆ. ಒಳಗೆ ಥರ್ಮಲ್, ನಡುವೆ ಸ್ವೆಟರ್, ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು. ಸೀರೆ ಉಡುವವರು ಕಾಲಿಗೆ ಥರ್ಮಲ್ ಲೆಗ್ಗಿಂಗ್ಸ್ ಮತ್ತು ಉಣ್ಣೆಯ ಕಾಲುಚೀಲ ಮರೆಯಬಾರದು. ಇಷ್ಟಾಗಿ ಮನೆಯೊಳಗೆ ಹೀಟರ್ ಸಾಮಾನ್ಯವಾಗಿ 70ರ ಆಸುಪಾಸಿನಲ್ಲಿರುತ್ತದೆ, ಅಂದರೆ 21 ಸೆಲ್ಸಿಯಸ್. ಅಲ್ಲಿಗೆ ಹತ್ತಿ ಬಟ್ಟೆಯೇ ಹಿತ. ಒಂದೇ ಭಾರೀ ಉಡುಪಿಗಿಂತ ಕಳಚಿಡಬಹುದಾದ ಪದರಗಳು ಲೇಸು ಎನ್ನುವುದು ಇದಕ್ಕೇ.

ಲೆಕ್ಕ ಬಲ್ಲವರೂ ಎಡವುವ ಜಾಗ ಒಂದಿದೆ. ಮಗಳು ಫೋನಿನಲ್ಲಿ ‘ನಾಳೆ ಇಪ್ಪತ್ತು ಡಿಗ್ರಿ ಇಳಿಯುತ್ತಂತೆ ಅಪ್ಪಾ’ ಅನ್ನುತ್ತಾಳೆ. ಅಪ್ಪ 20ರಲ್ಲಿ 32 ಕಳೆದು ಮೈನಸ್ ಏಳು ಎಂದು ಗಾಬರಿಯಾಗುತ್ತಾರೆ. ಅವಳು ಹೇಳಿದ್ದು ಉಷ್ಣಾಂಶವನ್ನಲ್ಲ, ಎರಡು ಉಷ್ಣಾಂಶಗಳ ನಡುವಿನ ಅಂತರವನ್ನು. ಅಂತರದಲ್ಲಿ 32 ಕಳೆಯುವ ಮಾತೇ ಇಲ್ಲ. ಅರ್ಧ ಮಾಡಿ ಹತ್ತನೇ ಭಾಗ ಸೇರಿಸಿದರೆ ಮುಗಿಯಿತು. ಇಪ್ಪತ್ತರ ಇಳಿತ ನಮ್ಮ ಲೆಕ್ಕದಲ್ಲಿ ಹನ್ನೊಂದು.

ಶಿಕಾಗೋದ ವಸಂತದಲ್ಲಿ ಇಂಥ ಇಳಿತ ಅಪರೂಪವಲ್ಲ. ಏಪ್ರಿಲ್‌ನಲ್ಲಿ ಮಿಷಿಗನ್ ಸರೋವರದ ನೀರು ಇನ್ನೂ ಕೊರೆಯುತ್ತಿರುತ್ತದೆ. ಗಾಳಿ ಅತ್ತ ಕಡೆಯಿಂದ ತಿರುಗಿತೆಂದರೆ ದಡದ ಬೀದಿಗಳು ಮಧ್ಯಾಹ್ನವೇ ತಣ್ಣಗಾಗುತ್ತವೆ, ಕೆಲವೇ ಮೈಲಿ ಒಳಗಿರುವ ಬಡಾವಣೆಗಳಲ್ಲಿ ಬಿಸಿಲು ಬೆಚ್ಚಗೇ ಇರುತ್ತದೆ. ಅಲ್ಲಿಯ ಮುನ್ಸೂಚನೆಗಳಲ್ಲಿ ‘ಸರೋವರದ ಬಳಿ ಇನ್ನೂ ತಂಪು’ ಎಂಬ ಸಾಲು ಪದೇಪದೇ ಬರುವುದು ಅದಕ್ಕೇ. ಮಗಳ ಮನೆ ದಡಕ್ಕೆ ಹತ್ತಿರವೋ ದೂರವೋ ಎಂದು ಕೇಳಿ ತಿಳಿದುಕೊಳ್ಳುವುದು ಒಂದು ಡಿಗ್ರಿಯ ದಶಾಂಶಕ್ಕಾಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಮುಖ್ಯ.

ಫೋನಿನ ಹವಾಮಾನ ಆ್ಯಪ್‌ನಲ್ಲಿ °F ಬದಲು °C ಆರಿಸಿಕೊಂಡರೆ ಅಂಕಿಗಳು ತಾವಾಗಿ ಬದಲಾಗುತ್ತವೆ, ನಿಜ. ಆದರೆ ಅಲ್ಲಿಯ ಟಿವಿ, ಮನೆಯ ಹೀಟರ್, ನೆರೆಯವರ ಮಾತು ಯಾವುದೂ ಬದಲಾಗದು. ಬಟ್ಟೆ ಆರಿಸುವಾಗ ಗರಿಷ್ಠವನ್ನು ಬಿಟ್ಟು, ಬೆಳಗಿನ ವಾಕಿಂಗ್ ವೇಳೆಯ ‘ಫೀಲ್ಸ್ ಲೈಕ್’ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವಾರಕ್ಕಿಂತ ಮುಂದಿನ ದಿನಗಳ ಮುನ್ಸೂಚನೆ ಅಷ್ಟು ಗಟ್ಟಿಯಲ್ಲ. ಹೊರಡುವ ಎರಡು ದಿನ ಮೊದಲು ಮತ್ತೆ ನೋಡಿ, ಜಾಕೆಟನ್ನು ಸೂಟ್‌ಕೇಸಿಗೆ ಹಾಕದೆ ಕೈಯಲ್ಲೇ ಹಿಡಿದುಕೊಳ್ಳಿ. ವಿಮಾನ ನಿಲ್ದಾಣದ ಬಾಗಿಲಿನಿಂದ ಕಾರಿನವರೆಗೆ ಅದು ಬೇಕಾಗುತ್ತದೆ.