ಚಿರತೆಯೋ, ಚೀತಾವೋ, ಜಾಗ್ವಾರೋ?

ಚಿರತೆ, ಚೀತಾ, ಜಾಗ್ವಾರ್ ಈ ಮೂರೂ ಹಳದಿ ಮೈಯ ಮೇಲೆ ಕಪ್ಪು ಗುರುತುಗಳಿರುವ ಪ್ರಾಣಿಗಳು. ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಒಂದರ ಹೆಸರಿನಡಿ ಇನ್ನೊಂದರ ಫೋಟೊ ಅಚ್ಚಾಗುವುದು ಇಂದಿಗೂ ನಿಂತಿಲ್ಲ. ಕಾಡಿನಲ್ಲಿ ಎದುರಾದರೆ ಈ ಗೊಂದಲಕ್ಕೆ ಅವಕಾಶ ಕಡಿಮೆ. ಚಿರತೆ ಆಫ್ರಿಕಾ ಮತ್ತು ಏಷ್ಯಾದ್ದು, ಜಾಗ್ವಾರ್ ಅಮೆರಿಕ ಖಂಡಗಳದ್ದು. ಇವೆರಡೂ ಒಟ್ಟಿಗೆ ವಾಸಿಸುವ ಕಾಡು ಭೂಮಿಯ ಮೇಲೆ ಎಲ್ಲೂ ಇಲ್ಲ. ಆದರೆ ಫೋಟೊಗೆ ಊರು ಇರುವುದಿಲ್ಲ. ಎಲ್ಲಿ ತೆಗೆದದ್ದು ಎಂಬುದು ಗೊತ್ತಿಲ್ಲದಾಗ ಪ್ರಾಣಿಯ ಚರ್ಮವನ್ನೇ ಓದಬೇಕಾಗುತ್ತದೆ.

ಮೂರರಲ್ಲಿ ಚೀತಾವನ್ನು ಬೇರ್ಪಡಿಸುವುದು ಸುಲಭ. ಮುಖ ಕಂಡರಂತೂ ಒಂದೇ ನೋಟ ಸಾಕು. ಎರಡೂ ಕಣ್ಣುಗಳ ಒಳಮೂಲೆಯಿಂದ ಒಂದೊಂದು ಕಪ್ಪು ಗೆರೆ ಹೊರಟು, ಮೂಗಿನ ಪಕ್ಕದಲ್ಲಿ ಇಳಿದು, ಬಾಯಿಯ ಅಂಚಿಗೆ ಸೇರುತ್ತದೆ. ಇದನ್ನು ಕಣ್ಣೀರ ಗೆರೆ ಎನ್ನುತ್ತಾರೆ. ಹಗಲು ಬೇಟೆಯಾಡುವ ಈ ಪ್ರಾಣಿಗೆ ಬಿಸಿಲಿನ ಝಳ ಕಣ್ಣಿಗೆ ಹೊಡೆಯದಂತೆ ಈ ಗೆರೆ ನೆರವಾಗುತ್ತದೆ ಎಂಬ ಊಹೆ ಇದೆಯಾದರೂ ಅದು ಸಾಬೀತಾಗಿಲ್ಲ. ಗುರುತಿನ ಮಟ್ಟಿಗೆ ಮಾತ್ರ ಇದರಷ್ಟು ನಂಬಿಕಸ್ಥ ಲಕ್ಷಣ ಇನ್ನೊಂದಿಲ್ಲ. ಬೆನ್ನ ಮೇಲೆ ಉದ್ದನೆಯ ಬೂದುಗೂದಲು ಹೊದ್ದು, ತಾಯಿಯನ್ನು ಸ್ವಲ್ಪವೂ ಹೋಲದಂತೆ ಕಾಣುವ ಎಳೆಮರಿಯ ಮುಖದಲ್ಲೂ ಈ ಗೆರೆ ಇರುತ್ತದೆ. ಚಿರತೆ, ಜಾಗ್ವಾರ್‌ಗಳ ಮುಖದಲ್ಲಿ ಅದಿಲ್ಲ. ಅವುಗಳ ಹಣೆ ಮತ್ತು ಕೆನ್ನೆಗಳ ತುಂಬ ಸಣ್ಣ ಚುಕ್ಕೆಗಳಿರುತ್ತವೆ.

ಮುಖ ಕಾಣದಿದ್ದರೆ ಪಕ್ಕೆಯನ್ನು ನೋಡಬೇಕು. ಚೀತಾದ ಚುಕ್ಕೆಗಳು ಶಾಯಿಯಲ್ಲಿ ಅದ್ದಿದ ಬೆರಳನ್ನು ಒತ್ತಿದಂತೆ ದುಂಡಗೆ, ಇಡಿಯಾಗಿ ಕಪ್ಪಾಗಿ, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಇರುತ್ತವೆ. ಚಿರತೆಯ ಪಕ್ಕೆಯಲ್ಲಿ ಇಂಥ ಚುಕ್ಕೆಗಳಿಲ್ಲ. ಅಲ್ಲಿ ಕೆಲವು ಕಪ್ಪು ತುಣುಕುಗಳು ವೃತ್ತಾಕಾರದಲ್ಲಿ ಕೂಡಿಕೊಂಡು ಹೂವಿನಂಥ ಆಕಾರ ಮೂಡಿಸಿರುತ್ತವೆ. ವನ್ಯಜೀವಿ ತಜ್ಞರು ಇದನ್ನು ರೋಸೆಟ್ ಎಂದು ಕರೆಯುತ್ತಾರೆ. ರೋಸೆಟ್‌ನ ನಡುವೆ ಬರಿಯ ಹಳದಿ ಚರ್ಮ ಕಾಣುತ್ತದೆ.

ಈ ವ್ಯತ್ಯಾಸ ಈಗ ನಮ್ಮ ದೇಶದಲ್ಲೇ ಉಪಯೋಗಕ್ಕೆ ಬರುತ್ತದೆ. ಭಾರತದಲ್ಲಿ ಚೀತಾ ನಿರ್ನಾಮವಾಗಿದೆ ಎಂದು 1952ರಲ್ಲಿ ಘೋಷಿಸಲಾಗಿತ್ತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ತಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೊ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲಾಯಿತು. ಮರುವರ್ಷ ದಕ್ಷಿಣ ಆಫ್ರಿಕಾದಿಂದ ಇನ್ನೂ ಹನ್ನೆರಡು ಬಂದವು. ಅದೇ ಕುನೊದಲ್ಲಿ ಚಿರತೆಗಳೂ ಸಾಕಷ್ಟಿವೆ. ಹಾಗಾಗಿ ಕುನೊದ ಫೋಟೊ ಎಂಬ ಒಂದೇ ಕಾರಣಕ್ಕೆ ಅದರಲ್ಲಿರುವುದು ಚೀತಾ ಎನ್ನುವಂತಿಲ್ಲ.

ಇಲ್ಲಿ ಒಂದು ಮೋಸವಿದೆ. ಚಿರತೆಯ ಮೈಯೆಲ್ಲ ರೋಸೆಟ್ ಅಲ್ಲ. ಕಾಲು, ಹೊಟ್ಟೆಯ ಕೆಳಭಾಗ, ಕತ್ತು ಮತ್ತು ತಲೆಯ ಮೇಲೆ ಅದಕ್ಕೂ ಇಡೀ ಕಪ್ಪು ಚುಕ್ಕೆಗಳೇ ಇರುತ್ತವೆ. ಪೊದೆಯ ಸಂದಿಯಲ್ಲಿ ಮುಂಗಾಲು, ಭುಜ ಮಾತ್ರ ಕಾಣುವ ಫೋಟೊ ನೋಡಿ ಚೀತಾ ಎಂದು ತೀರ್ಮಾನಿಸಿದರೆ ತಪ್ಪಾಗುವ ಸಂಭವ ಹೆಚ್ಚು. ಪಕ್ಕೆಯ ನಡುಭಾಗ ಅಥವಾ ಬೆನ್ನು ಕಾಣುವವರೆಗೆ ತೀರ್ಪು ಕೊಡದಿರುವುದೇ ಸರಿ.

ಚೀತಾದಲ್ಲೂ ಒಂದು ಅಪವಾದವಿದೆ. ಕೆಲವು ಚೀತಾಗಳ ಮೈಮೇಲೆ ಚುಕ್ಕೆಗಳು ಬೆರೆತು ದೊಡ್ಡ ಕಪ್ಪು ಪಟ್ಟೆಗಳಾಗಿ, ಬೆನ್ನುದ್ದಕ್ಕೂ ಗೆರೆಗಳಾಗಿ ಹರಡಿರುತ್ತವೆ. 1927ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದೇ ಹೆಸರಿಸಿದ್ದರು. 1981ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಸಂವರ್ಧನಾ ಕೇಂದ್ರದಲ್ಲಿ ಸಾಮಾನ್ಯ ಚೀತಾಕ್ಕೆ ಇಂಥ ಮರಿ ಹುಟ್ಟಿದಾಗ, ಇದು ಒಂದು ಜೀನಿನ ವ್ಯತ್ಯಾಸವಷ್ಟೇ ಎಂಬುದು ಖಚಿತವಾಯಿತು. ಇದಕ್ಕೆ ರಾಜ ಚೀತಾ ಎಂಬ ಹೆಸರು ಮಾತ್ರ ಉಳಿದಿದೆ. ಅದರ ಮುಖದಲ್ಲೂ ಕಣ್ಣೀರ ಗೆರೆ ಹಾಗೇ ಇದೆ.

ಚಿರತೆ ಮತ್ತು ಜಾಗ್ವಾರ್ ನಡುವಿನ ವ್ಯತ್ಯಾಸ ಹಿಡಿಯುವುದು ನಿಜಕ್ಕೂ ಕಷ್ಟದ ಕೆಲಸ, ಏಕೆಂದರೆ ಎರಡಕ್ಕೂ ರೋಸೆಟ್ ಇದೆ. ಕಣ್ಣು ಹಾಯಿಸಬೇಕಾದದ್ದು ರೋಸೆಟ್‌ನ ಒಳಗೆ. ಜಾಗ್ವಾರ್‌ನ ರೋಸೆಟ್‌ನ ನಡುವೆ ಒಂದೋ ಎರಡೋ, ಕೆಲವೊಮ್ಮೆ ಇನ್ನೂ ಹೆಚ್ಚು ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಚಿರತೆಯ ರೋಸೆಟ್ ಸಾಮಾನ್ಯವಾಗಿ ಖಾಲಿ. ಗಾತ್ರದಲ್ಲೂ ಅಂತರವಿದೆ: ಜಾಗ್ವಾರ್‌ನವು ದೊಡ್ಡವು, ದಪ್ಪ ಅಂಚಿನವು, ಮೂಲೆ ಮೂಲೆಯಾದವು, ಆದ್ದರಿಂದ ಒಂದು ಪಕ್ಕೆಯಲ್ಲಿ ಕೆಲವೇ ಹಿಡಿಸುತ್ತವೆ. ಚಿರತೆಯವು ಸಣ್ಣವು, ಒತ್ತೊತ್ತಾಗಿರುತ್ತವೆ.

ಆದರೆ ಒಂದೇ ಒಂದು ರೋಸೆಟ್ ನೋಡಿ ನಿರ್ಧರಿಸಬಾರದು. ಚಿರತೆಯ ಮೈಮೇಲೂ ಅಲ್ಲೊಂದು ಇಲ್ಲೊಂದು ರೋಸೆಟ್‌ನಲ್ಲಿ ಚುಕ್ಕೆ ಸಿಗುತ್ತದೆ. ಜಾಗ್ವಾರ್‌ನಲ್ಲೂ ಖಾಲಿ ರೋಸೆಟ್‌ಗಳಿರುತ್ತವೆ. ಒಂದು ಉದಾಹರಣೆ ತೆಗೆದುಕೊಳ್ಳಬಹುದು. ದಪ್ಪ ಕೊಂಬೆಯ ಮೇಲೆ ಪ್ರಾಣಿ ಮಲಗಿದೆ, ಮುಖ ಅತ್ತ ತಿರುಗಿದೆ, ಒಂದು ಪಕ್ಕೆ ಮತ್ತು ಬಾಲ ಮಾತ್ರ ಕಾಣುತ್ತಿವೆ. ಮರದ ಮೇಲಿದೆ ಎಂದ ಮಾತ್ರಕ್ಕೆ ಚಿರತೆಯಾಗಬೇಕಿಲ್ಲ, ಜಾಗ್ವಾರ್ ಕೂಡ ಮರ ಹತ್ತುತ್ತದೆ. ಫೋಟೊವನ್ನು ಹಿಗ್ಗಿಸಿ ಪಕ್ಕೆಯ ನಡುಭಾಗದ ಹತ್ತು ಹನ್ನೆರಡು ರೋಸೆಟ್‌ಗಳನ್ನು ಒಂದೊಂದಾಗಿ ನೋಡಬೇಕು. ಹೆಚ್ಚಿನವುಗಳೊಳಗೆ ಚುಕ್ಕೆ ಇದ್ದರೆ ಜಾಗ್ವಾರ್. ಒಂದರಲ್ಲೋ ಎರಡರಲ್ಲೋ ಇದ್ದು ಉಳಿದವೆಲ್ಲ ಖಾಲಿಯಾಗಿದ್ದರೆ ಚಿರತೆ. ಬಳಿಕ ಬಾಲ. ಚಿರತೆಯ ಬಾಲ ಒಂದು ಮೀಟರ್‌ವರೆಗೂ ಬೆಳೆದು ಕೊಂಬೆಯಿಂದ ಉದ್ದಕ್ಕೆ ಜೋತಾಡುತ್ತದೆ. ಜಾಗ್ವಾರ್‌ನ ಬಾಲ ಮುಕ್ಕಾಲು ಮೀಟರ್ ದಾಟುವುದು ಅಪರೂಪ, ಅದರ ತೋರ ಮೈಗೆ ಅದು ಗಿಡ್ಡವಾಗಿಯೇ ಕಾಣುತ್ತದೆ. ರೋಸೆಟ್ ಮತ್ತು ಬಾಲ ಒಂದೇ ಉತ್ತರ ಕೊಟ್ಟರೆ ಅನುಮಾನಕ್ಕೆ ಎಡೆಯಿಲ್ಲ. ತಲೆಯೂ ಕಂಡಿದ್ದರೆ ಜಾಗ್ವಾರ್‌ನ ಅಗಲ ದವಡೆಯೇ ಸಾಕ್ಷಿ ಹೇಳುತ್ತಿತ್ತು.

ಇನ್ನು ಕಪ್ಪು ಪ್ರಾಣಿಗಳು. ಕಬಿನಿಯ ಕರಿಚಿರತೆಯ ಫೋಟೊಗಳು ಕನ್ನಡಿಗರಿಗೆ ಚಿರಪರಿಚಿತ. ಅದು ಬೇರೆ ಪ್ರಭೇದವಲ್ಲ, ಚರ್ಮದಲ್ಲಿ ಕಪ್ಪು ವರ್ಣಕ ಅತಿಯಾಗಿರುವ ಚಿರತೆ. ಜಾಗ್ವಾರ್‌ನಲ್ಲೂ ಹೀಗೆ ಕಪ್ಪು ಪ್ರಾಣಿಗಳಿವೆ. ಎರಡರಲ್ಲೂ ರೋಸೆಟ್ ಅಳಿಸಿಹೋಗಿರುವುದಿಲ್ಲ, ಓರೆಬಿಸಿಲಿನಲ್ಲಿ ಕಪ್ಪಿನೊಳಗಿನ ಕಡುಗಪ್ಪಾಗಿ ತೋರುತ್ತದೆ. ಮಲೇಷ್ಯಾದ ಕಾಡಿನಲ್ಲಿ ಬಹುಪಾಲು ಚಿರತೆಗಳು ಕಪ್ಪಗಿರುವುದರಿಂದ ಅಲ್ಲಿನ ಸಂಶೋಧಕರು ಕ್ಯಾಮೆರಾಗಳು ಹಗಲಿನಲ್ಲೂ ಇನ್ಫ್ರಾರೆಡ್ ಬೆಳಕನ್ನೇ ಬಳಸುವಂತೆ ಮಾಡಿದರು. ಆ ಬೆಳಕಿನಲ್ಲಿ ಮೈಮೇಲಿನ ಗುರುತುಗಳು ಸ್ಪಷ್ಟವಾಗಿ ಮೂಡಿದವು. ಮಾಮೂಲಿ ಫೋಟೊ ಆದರೆ ಕಂಪ್ಯೂಟರಿನಲ್ಲಿ ನೆರಳಿನ ಭಾಗವನ್ನು ಬೆಳಗಿಸಿ ನೋಡಬಹುದು. ಅದರಲ್ಲೂ ರೋಸೆಟ್ ಕಾಣದಿದ್ದರೆ ತಲೆ, ಬಾಲ, ಮೈಕಟ್ಟನ್ನೇ ನೆಚ್ಚಿಕೊಳ್ಳಬೇಕು.

ಈ ಗುರುತುಗಳು ಪ್ರಭೇದವನ್ನು ಮಾತ್ರವಲ್ಲ, ಪ್ರಾಣಿ ಇಂಥದ್ದೇ ಎಂಬುದನ್ನೂ ಹೇಳುತ್ತವೆ. ಯಾವ ಎರಡು ಚಿರತೆಗಳ ರೋಸೆಟ್ ವಿನ್ಯಾಸವೂ ಒಂದೇ ಅಲ್ಲ. ಪ್ರಾಣಿ ಬೆಳೆದ ಮೇಲೂ ಆ ವಿನ್ಯಾಸ ಬದಲಾಗುವುದಿಲ್ಲ. ಕರ್ನಾಟಕದ ಕಾಡುಗಳಲ್ಲಿ ಚಿರತೆಗಳನ್ನು ಎಣಿಸುವುದು ಇದರ ಆಧಾರದ ಮೇಲೆಯೇ. ಆದರೆ ಒಂದೇ ಪ್ರಾಣಿಯ ಎಡಪಕ್ಕೆಯ ವಿನ್ಯಾಸಕ್ಕೂ ಬಲಪಕ್ಕೆಯದಕ್ಕೂ ಹೋಲಿಕೆ ಇರುವುದಿಲ್ಲ. ಎಡಪಕ್ಕೆಯ ಒಂದು ಫೋಟೊ, ಬಲಪಕ್ಕೆಯ ಇನ್ನೊಂದು ಫೋಟೊ ಸಿಕ್ಕರೆ ಅವು ಒಂದೇ ಚಿರತೆಯವೋ ಎರಡರವೋ ಎಂದು ಹೇಳಲಾಗದು. ಆದ್ದರಿಂದಲೇ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟಿ, ಎರಡೂ ಪಕ್ಕೆಗಳ ಫೋಟೊ ಒಟ್ಟಿಗೆ ತೆಗೆಯುತ್ತಾರೆ.